ವಾಂತಿ ಭೇದಿ ಜ್ವರ ಬಂದ ದಿನ ಕಿಡ್ನಿ ಪೇಷಂಟ್ ಯಾವ ಮಾತ್ರೆ ನಿಲ್ಲಿಸ್ಬೇಕು, ಯಾವ್ದನ್ನ ನಿಲ್ಲಿಸ್ಬಾರ್ದು

ಭಾನುವಾರ ರಾತ್ರಿ ಹನ್ನೊಂದು ಗಂಟೆಗೆ ಅತ್ತೆ ಫೋನ್ ಮಾಡಿದ್ರು. "ನಿಮ್ಮ ಮಾವಂಗೆ ಸಂಜೆಯಿಂದ ಆರು ಸಲ ಭೇದಿ ಆಗಿದೆ ಕಣೋ, ಮೂರು ಸಲ ವಾಂತಿನೂ ಆಯ್ತು, ಮೈ ಬಿಸಿ ಇದೆ. ರಾತ್ರಿ ಮಾತ್ರೆ ಕೊಡ್ಲಾ ಬೇಡ್ವಾ? ಡಾಕ್ಟರು ಒಂದು ದಿನಾನೂ ತಪ್ಪಿಸ್ಬೇಡಿ ಅಂದಿದ್ರು." ನಾನು ಫಾರ್ಮಸಿಸ್ಟ್, ದಿನಾ ಕಿಡ್ನಿ ಪೇಷಂಟ್‌ಗಳ ಚೀಟಿ ನೋಡೋದೇ ನನ್ನ ಕೆಲಸ, ಆದ್ರೂ ಮನೆಯವರಿಗೇ ಈ ವಿಷ್ಯ ಮುಂಚೆ ಹೇಳಿಟ್ಟಿರ್ಲಿಲ್ಲ ಅಂತ ಆವಾಗ್ಲೇ ಹೊಳೀತು. ಡಾಕ್ಟರ್ ಹೇಳಿದ್ದು ಸರಿನೇ, ತಪ್ಪಿಸ್ಬಾರ್ದು, ಆದ್ರೆ ಆ ಮಾತು ಚೆನ್ನಾಗಿರೋ ದಿನಗಳಿಗೆ. ಹೊಟ್ಟೆ ಕೆಟ್ಟು ಮೈಯಲ್ಲಿರೋ ನೀರೆಲ್ಲ ಹೋಗ್ತಿರೋ ದಿನ ಅದೇ ಮಾತ್ರೆಗಳಲ್ಲಿ ಕೆಲವು ಕಿಡ್ನಿಗೆ ತೊಂದರೆ ಕೊಡತ್ತೆ.

ಮಾವಂಗೆ 62 ವರ್ಷ, ಶುಗರ್ ಬಿಪಿ ಎರಡೂ ಇದೆ, ಎರಡು ತಿಂಗಳ ಹಿಂದಿನ ರಿಪೋರ್ಟ್‌ನಲ್ಲಿ ಕ್ರಿಯಾಟಿನಿನ್ 1.7, ಇಜಿಎಫ್‌ಆರ್ 45. ಕ್ರಿಯಾಟಿನಿನ್ ಅನ್ನೋದು ಕಿಡ್ನಿ ಸೋಸಿ ಹೊರಗೆ ಹಾಕ್ಬೇಕಾದ ಕಸ, ಅದು ಏರಿದಷ್ಟೂ ಕಿಡ್ನಿ ಸೋಸೋದು ಕಮ್ಮಿ ಆಗಿದೆ ಅಂತ ಅರ್ಥ, ಇಜಿಎಫ್‌ಆರ್ ಅನ್ನೋದು ಸೋಸೋ ವೇಗದ ಅಂದಾಜು. ಅಂದ್ರೆ ಕಿಡ್ನಿ ಸುಮಾರು ಅರ್ಧ ಕೆಲ್ಸ ಮಾಡ್ತಿದೆ ಅಂತ ಇಟ್ಕೊಳ್ಳಿ. ವೀಡಿಯೋ ಕಾಲ್ ಹಾಕಿ ಎಲ್ಲ ಸ್ಟ್ರಿಪ್ ಮಂಚದ ಮೇಲೆ ಹರಡೋಕೆ ಹೇಳ್ದೆ. ಟೆಲ್ಮಿಸಾರ್ಟಾನ್ 40 ಮತ್ತು ಕ್ಲೋರ್ಥಾಲಿಡೋನ್ 12.5 ಸೇರಿರೋ ಒಂದು ಬಿಪಿ ಮಾತ್ರೆ, ಆಮ್ಲೋಡಿಪಿನ್ 5, ಗ್ಲಿಮೆಪಿರೈಡ್ 1 ಜೊತೆ ಮೆಟ್‌ಫಾರ್ಮಿನ್ 500 ಸೇರಿರೋದು ಬೆಳಿಗ್ಗೆ ಒಂದು ರಾತ್ರಿ ಒಂದು, ಡಾಪಾಗ್ಲಿಫ್ಲೋಜಿನ್ 10, ಕೊಲೆಸ್ಟ್ರಾಲ್‌ಗೆ ಅಟೋರ್ವಾಸ್ಟಾಟಿನ್, ಮತ್ತೆ ರಾತ್ರಿ 12 ಯೂನಿಟ್ ಗ್ಲಾರ್ಜಿನ್ ಇನ್ಸುಲಿನ್. ಇಷ್ಟು ಡಾಕ್ಟರ್ ಬರೆದಿದ್ದು. ಕೊನೇಲಿ ಅತ್ತೆ ಡ್ರಾಯರ್‌ನಿಂದ ಇನ್ನೊಂದು ಅರ್ಧ ಖಾಲಿಯಾದ ಸ್ಟ್ರಿಪ್ ತೆಗೆದು ತೋರಿಸಿದ್ರು, ಮಂಡಿ ನೋವಿಗೆ ಅಂತ ಯಾವಾಗ್ಲೋ ತಂದಿದ್ದು, ಜ್ವರಕ್ಕೂ ಆಗತ್ತೆ ಅಂತ ಒಂದು ಕೊಡೋಣ ಅಂತಿದ್ರಂತೆ. ಅಸೆಕ್ಲೋಫೆನಾಕ್ ಮತ್ತು ಪ್ಯಾರಸಿಟಮಾಲ್. ಅವತ್ತು ನಾನು ಮೊದ್ಲು ಬೇಡ ಅಂದಿದ್ದು ಅದನ್ನೇ.

ಯಾಕೆ ಅಂತ ಗೊತ್ತಾಗ್ಬೇಕು ಅಂದ್ರೆ ಕಿಡ್ನಿ ಒಳಗಡೆ ಸ್ವಲ್ಪ ನೋಡ್ಬೇಕು. ಕಿಡ್ನಿಯಲ್ಲಿ ಲಕ್ಷಗಟ್ಟಲೆ ಪುಟ್ಟ ಪುಟ್ಟ ಜರಡಿಗಳಿವೆ. ಪ್ರತಿ ಜರಡಿಗೂ ರಕ್ತ ತರೋ ಒಂದು ಸಣ್ಣ ನಾಳ, ತಗೊಂಡು ಹೋಗೋ ಇನ್ನೊಂದು ಸಣ್ಣ ನಾಳ. ಜರಡಿ ಒಳಗೆ ಒತ್ತಡ ಇದ್ರೆ ಮಾತ್ರ ರಕ್ತ ಸೋಸತ್ತೆ, ಒತ್ತಡ ಬಿದ್ರೆ ಸೋಸೋದು ನಿಲ್ಲತ್ತೆ. ಈಗ ಮೈಯಲ್ಲಿ ನೀರು ಕಮ್ಮಿ ಆಯ್ತು, ಬಿಪಿ ಇಳೀತು ಅಂದ್ಕೊಳ್ಳಿ, ಆವಾಗ ಕಿಡ್ನಿ ತನ್ನನ್ನ ತಾನೇ ಕಾಪಾಡ್ಕೊಳ್ಳೋಕೆ ಎರಡು ಕೆಲ್ಸ ಮಾಡತ್ತೆ. ಒಳಗೆ ಬರೋ ನಾಳನ ಅಗಲ ಮಾಡತ್ತೆ, ಅದಕ್ಕೆ ಪ್ರೋಸ್ಟಗ್ಲಾಂಡಿನ್ ಅನ್ನೋ ವಸ್ತು ಬೇಕು. ಹೊರಗೆ ಹೋಗೋ ನಾಳನ ಬಿಗಿ ಮಾಡತ್ತೆ, ಅದಕ್ಕೆ ಆಂಜಿಯೋಟೆನ್ಸಿನ್ ಬೇಕು. ಬರೋದು ಜಾಸ್ತಿ, ಹೋಗೋದು ಕಮ್ಮಿ, ಹಾಗಾಗಿ ನೀರು ಕಮ್ಮಿ ಇದ್ರೂ ಜರಡಿ ಒಳಗೆ ಒತ್ತಡ ಹೇಗೋ ಉಳಿಯತ್ತೆ.

ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಥರದ ಪೇನ್ ಕಿಲ್ಲರ್ ಏನ್ ಮಾಡತ್ತೆ ಅಂದ್ರೆ ಆ ಪ್ರೋಸ್ಟಗ್ಲಾಂಡಿನ್ ತಯಾರಾಗೋದನ್ನೇ ತಡೆಯತ್ತೆ, ಒಳಗೆ ಬರೋ ನಾಳ ಅಗಲ ಆಗಲ್ಲ. ಟೆಲ್ಮಿಸಾರ್ಟಾನ್ ಥರದ ಮಾತ್ರೆ ಆಂಜಿಯೋಟೆನ್ಸಿನ್ ಕೆಲ್ಸನ ತಡೆಯತ್ತೆ, ಹೊರಗೆ ಹೋಗೋ ನಾಳ ಬಿಗಿ ಆಗಲ್ಲ. ಕ್ಲೋರ್ಥಾಲಿಡೋನ್ ಥರ ನೀರು ಇಳಿಸೋ ಮಾತ್ರೆ ಇರೋ ಅಲ್ಪ ಸ್ವಲ್ಪ ನೀರನ್ನೂ ಮೂತ್ರದಲ್ಲಿ ಹೊರಗೆ ಹಾಕತ್ತೆ. ಮೂರೂ ಒಟ್ಟಿಗೆ ಇದ್ದು ಮೇಲೆ ಭೇದಿನೂ ಆದ್ರೆ ಕಿಡ್ನಿಗೆ ತಪ್ಪಿಸ್ಕೊಳ್ಳೋ ದಾರಿನೇ ಇರಲ್ಲ. ಅತ್ತೆ ಆ ಅಸೆಕ್ಲೋಫೆನಾಕ್ ಕೊಟ್ಟಿದ್ರೆ ಮಾವನ ಹೊಟ್ಟೆಯಲ್ಲಿ ಸರಿಯಾಗಿ ಈ ಮೂರೂ ಇರ್ತಿತ್ತು.

ಇಲ್ಲಿ ಒಂದು ತಪ್ಪು ತಿಳುವಳಿಕೆ ತುಂಬಾ ಜನಕ್ಕೆ ಬರತ್ತೆ, ಹಾಗಾದ್ರೆ ಸಾರ್ಟಾನ್ ಕಿಡ್ನಿಗೆ ಕೆಟ್ಟದ್ದು, ಪೂರ್ತಿ ಬಿಟ್ಬಿಡೋಣ ಅಂತ. ಹಾಗಲ್ಲ. ಚೆನ್ನಾಗಿರೋ ದಿನಗಳಲ್ಲಿ ಕಿಡ್ನಿ ಕಾಯಿಲೆ ಇರೋರ ಜರಡಿ ಒಳಗೆ ಒತ್ತಡ ಬೇಕಾಗಿದ್ದಕ್ಕಿಂತ ಜಾಸ್ತಿನೇ ಇರತ್ತೆ, ವರ್ಷಗಟ್ಟಲೆ ಆ ಒತ್ತಡ ತಗೊಂಡು ಜರಡಿ ಹಾಳಾಗತ್ತೆ, ಅದನ್ನ ಇಳಿಸೋಕೇ ಡಾಕ್ಟರ್ ಈ ಮಾತ್ರೆ ಕೊಡೋದು. ಯಾವ ಗುಣ 360 ದಿನ ಕಾಪಾಡತ್ತೋ ಅದೇ ಗುಣ ನೀರು ಖಾಲಿಯಾದ ನಾಲ್ಕೈದು ದಿನ ಅಡ್ಡ ಬರತ್ತೆ, ಅಷ್ಟೇ ವಿಷ್ಯ.

ನಿಲ್ಲಿಸೋ ಮಾತ್ರೆಗಳನ್ನ ಗುರುತಿಸೋದು ಹೇಗೆ ಅಂತ ಹೇಳ್ತೀನಿ, ಕಂಪನಿ ಹೆಸರು ನೋಡ್ಬೇಡಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಳಗಿರೋ ಔಷಧಿ ಹೆಸರು ಇರತ್ತೆ, ಅದರ ಬಾಲ ನೋಡಿ. ಸಾರ್ಟಾನ್ ಅಂತ ಕೊನೆಯಾದ್ರೆ, ಅಂದ್ರೆ ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ಓಲ್ಮೆಸಾರ್ಟಾನ್ ಇಂಥವು, ಅದು ಒಂದು ಗುಂಪು. ಪ್ರಿಲ್ ಅಂತ ಕೊನೆಯಾದ್ರೆ, ರಾಮಿಪ್ರಿಲ್, ಎನಾಲಾಪ್ರಿಲ್, ಅದೂ ಅದೇ ಕೆಲ್ಸದ್ದು. ಗ್ಲಿಫ್ಲೋಜಿನ್ ಅಂತ ಕೊನೆಯಾದ್ರೆ, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಇದು ಮೂತ್ರದಲ್ಲಿ ಸಕ್ಕರೆ ಹೊರಗೆ ಹಾಕೋ ಜಾತಿ. ನೀರು ಇಳಿಸೋ ಮಾತ್ರೆಗಳಿಗೆ ಒಂದೇ ಬಾಲ ಇಲ್ಲ, ಫ್ಯೂರೋಸೆಮೈಡ್, ಟೋರ್ಸೆಮೈಡ್, ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್ಥಾಲಿಡೋನ್, ಸ್ಪೈರೋನೋಲ್ಯಾಕ್ಟೋನ್ ಇವೆಲ್ಲ ಅದೇ ಲೆಕ್ಕ. ಸ್ಪೈರೋನೋಲ್ಯಾಕ್ಟೋನ್‌ಗೆ ಇನ್ನೊಂದು ಕಾಟ ಇದೆ, ಕಿಡ್ನಿ ಕೆಲ್ಸ ಇಳಿದಾಗ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಿಬಿಡತ್ತೆ, ಪೊಟ್ಯಾಸಿಯಂ ತುಂಬಾ ಏರಿದ್ರೆ ಹೃದಯದ ಬಡಿತವೇ ತಪ್ಪತ್ತೆ.

ಕಷ್ಟ ಬರೋದು ಎರಡು ಮೂರು ಔಷಧಿ ಸೇರಿಸಿದ ಮಾತ್ರೆಗಳಲ್ಲಿ. ಮಾವನ ಬಿಪಿ ಮಾತ್ರೆ ನೋಡೋಕೆ ಒಂದೇ ಗುಳಿಗೆ, ಆದ್ರೆ ಒಳಗೆ ಸಾರ್ಟಾನ್ ಕೂಡ ಇದೆ ನೀರು ಇಳಿಸೋದೂ ಇದೆ. ಇನ್ನು ಕೆಲವರಿಗೆ ಸಾರ್ಟಾನ್ ಜೊತೆ ಆಮ್ಲೋಡಿಪಿನ್ ಸೇರಿರತ್ತೆ, ಒಂದನ್ನ ನಿಲ್ಲಿಸಿ ಒಂದನ್ನ ಮುಂದುವರಿಸೋಣ ಅಂದ್ರೆ ಗುಳಿಗೆನ ಅರ್ಧ ಮುರಿದ್ರೂ ಆಗಲ್ಲ. ಶುಗರ್ ಮಾತ್ರೆಗಳಲ್ಲಂತೂ ಮೂರು ಮೂರು ಸೇರಿರೋದಿದೆ. ಅದಕ್ಕೇ ಈ ಪಟ್ಟಿನ ಹುಷಾರಿಲ್ಲದ ದಿನ ಕೂತು ಮಾಡೋದಲ್ಲ, ಮುಂದಿನ ಸಲ ಡಾಕ್ಟರ್ ಹತ್ರ ಹೋದಾಗ ಎಲ್ಲ ಸ್ಟ್ರಿಪ್ ಚೀಲಕ್ಕೆ ಹಾಕ್ಕೊಂಡು ಹೋಗಿ, "ವಾಂತಿ ಭೇದಿ ಆದ್ರೆ ಇದ್ರಲ್ಲಿ ಯಾವ್ದು ನಿಲ್ಲಿಸ್ಲಿ" ಅಂತ ಕೇಳಿ, ನಿಲ್ಲಿಸ್ಬೇಕಾದ್ದರ ಮೇಲೆ ಪೆನ್ನಲ್ಲಿ ಗುರುತು ಹಾಕಿಸ್ಕೊಳ್ಳಿ. ಐದು ನಿಮಿಷದ ಕೆಲ್ಸ.

ಶುಗರ್ ಮಾತ್ರೆ ನಿಲ್ಲಿಸೋಕೆ ಕಾರಣ ಬೇರೆ. ಮೆಟ್‌ಫಾರ್ಮಿನ್ ಕಿಡ್ನಿಗೆ ಏಟು ಕೊಡಲ್ಲ, ಆದ್ರೆ ಅದು ಮೈಯಿಂದ ಹೊರಗೆ ಹೋಗೋದು ಕಿಡ್ನಿ ಮೂಲಕವೇ. ಕಿಡ್ನಿ ಎರಡು ದಿನ ಸುಸ್ತಾದ್ರೆ ಮೆಟ್‌ಫಾರ್ಮಿನ್ ಒಳಗೇ ಶೇಖರ ಆಗತ್ತೆ, ರಕ್ತದಲ್ಲಿ ಲ್ಯಾಕ್ಟಿಕ್ ಆಸಿಡ್ ಏರೋ ಅಪಾಯ ಬರತ್ತೆ. ಅಪರೂಪಕ್ಕೆ ಆಗೋದು, ಆದ್ರೆ ಬಂತು ಅಂದ್ರೆ ಐಸಿಯು ಮಾತು. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಇವು ಊಟ ಮಾಡಿದ್ರೂ ಬಿಟ್ರೂ ಶುಗರ್ ಇಳಿಸ್ತಾನೇ ಇರತ್ವೆ, ಏನೂ ತಿಂದಿಲ್ಲ ತಿಂದಿದ್ದೂ ಕಕ್ಕಿದ್ದಾಯ್ತು ಅನ್ನೋ ದಿನ ಇದನ್ನ ನುಂಗಿದ್ರೆ ಮಧ್ಯರಾತ್ರಿ ಶುಗರ್ 50ಕ್ಕೆ ಇಳಿದು ಬೆವರಿ ಮಾತು ತೊದಲೋ ಸ್ಥಿತಿ ಬರಬಹುದು. ಕಿಡ್ನಿ ಕಾಯಿಲೆ ಇರೋರಲ್ಲಿ ಗ್ಲಿಬೆನ್‌ಕ್ಲಮೈಡ್ ಇನ್ನೂ ಮೋಸ, ಅದರ ಉಳಿಕೆಗಳು ಕಿಡ್ನಿಯಲ್ಲೇ ಹೋಗ್ಬೇಕು, ಹೋಗದೆ ಕೂತ್ಕೊಂಡು ಗಂಟೆಗಟ್ಟಲೆ ಶುಗರ್ ಇಳಿಸತ್ತೆ.

ಗ್ಲಿಫ್ಲೋಜಿನ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ಬೇಕು, ಯಾಕಂದ್ರೆ ಈಗ ಶುಗರ್ ಇಲ್ಲದ ಕಿಡ್ನಿ ಪೇಷಂಟ್‌ಗೂ ಇದನ್ನ ಬರೀತಾರೆ, ಕಿಡ್ನಿ ಹಾಳಾಗೋ ವೇಗನ ನಿಜವಾಗ್ಲೂ ಕಮ್ಮಿ ಮಾಡತ್ತೆ. ಆದ್ರೆ ಸಕ್ಕರೆ ಮೂತ್ರದಲ್ಲಿ ಹೋಗ್ಬೇಕಾದ್ರೆ ಜೊತೆಗೆ ನೀರನ್ನೂ ಎಳ್ಕೊಂಡು ಹೋಗತ್ತೆ. ಇನ್ನೊಂದು, ಊಟ ಇಲ್ಲದಾಗ ಮೈ ಕೊಬ್ಬು ಸುಡೋಕೆ ಶುರು ಮಾಡಿ ಕೀಟೋನ್ ತಯಾರಾಗತ್ತೆ, ಈ ಮಾತ್ರೆ ತಗೊಳ್ತಿದ್ರೆ ಅದು ಇನ್ನೂ ಸುಲಭವಾಗಿ ಏರಿ ರಕ್ತ ಆಮ್ಲ ಆಗಬಹುದು, ಇದಕ್ಕೆ ಕೀಟೋಆಸಿಡೋಸಿಸ್ ಅಂತಾರೆ. ಮಾಮೂಲಿ ಕೀಟೋಆಸಿಡೋಸಿಸ್‌ನಲ್ಲಿ ಶುಗರ್ 300, 400 ಇರೋದ್ರಿಂದ ಮನೆಯವರಿಗೆ ಗಾಬರಿಯಾಗಿ ಆಸ್ಪತ್ರೆಗೆ ಓಡ್ತಾರೆ. ಇಲ್ಲಿ ಶುಗರ್ 160, 180 ಅಂತ ಸಮಾಧಾನದ ನಂಬರ್ ತೋರಿಸ್ತಾ ಇರತ್ತೆ, ಒಳಗೆ ಕೀಟೋನ್ ಏರ್ತಾ ಇರತ್ತೆ. ಹೊಟ್ಟೆ ನೋವು, ನಿಲ್ಲದ ವಾಕರಿಕೆ, ಓಡಿ ಬಂದವರ ಥರ ಜೋರು ಜೋರು ಉಸಿರಾಟ ಇದ್ರೆ ಗ್ಲೂಕೋಮೀಟರ್ ಚೆನ್ನಾಗಿದೆ ಅಂದ್ರೂ ನಂಬಬಾರ್ದು, ಆಸ್ಪತ್ರೆಗೆ ಹೋಗಿ "ಗ್ಲಿಫ್ಲೋಜಿನ್ ತಗೊಳ್ತಿದ್ರು, ರಕ್ತದ ಕೀಟೋನ್ ನೋಡಿ" ಅಂತ ಬಾಯ್ಬಿಟ್ಟು ಹೇಳ್ಬೇಕು. ತೊಂದ್ರೆ ಏನಂದ್ರೆ ಇದೇ ವಾಂತಿ ಹೊಟ್ಟೆ ನೋವು ಮಾಮೂಲಿ ಹೊಟ್ಟೆ ಕೆಟ್ಟಾಗಲೂ ಇರತ್ತೆ, ಅದಕ್ಕೇ ಮಾತ್ರೆನ ಮೊದಲ ದಿನವೇ ನಿಲ್ಲಿಸೋದು ಜಾಣತನ.

ನಿಲ್ಲಿಸ್ಬಾರದ್ದು ಯಾವ್ದು ಅನ್ನೋದೂ ಅಷ್ಟೇ ಮುಖ್ಯ, ಯಾಕಂದ್ರೆ ಗಾಬರಿಯಲ್ಲಿ ಜನ ಡಬ್ಬಿನೇ ಮುಚ್ಚಿಡ್ತಾರೆ. ಇನ್ಸುಲಿನ್ ಪೂರ್ತಿ ನಿಲ್ಲಿಸ್ಬಾರ್ದು, ಊಟ ಮಾಡದೇ ಇದ್ರೂ. ಜ್ವರ ಬಂದಾಗ ಮೈಯಲ್ಲಿ ಶುಗರ್ ಏರಿಸೋ ಹಾರ್ಮೋನ್‌ಗಳು ಜಾಸ್ತಿ ಆಗತ್ವೆ, ಹಾಗಾಗಿ ದಿನಕ್ಕೊಂದು ಸಲ ಹಾಕೋ, ದಿನವಿಡೀ ನಿಧಾನವಾಗಿ ಕೆಲ್ಸ ಮಾಡೋ ಇನ್ಸುಲಿನ್ ಬೇಕೇ ಬೇಕು, ಡೋಸ್ ಹೆಚ್ಚು ಕಮ್ಮಿ ಮಾಡೋದಿದ್ರೆ ಡಾಕ್ಟರ್ ಕೇಳಿ ಮಾಡ್ಬೇಕು. ಟೈಪ್ 1 ಶುಗರ್ ಇರೋರು ಇನ್ಸುಲಿನ್ ಬಿಟ್ರೆ ಜೀವಕ್ಕೇ ಅಪಾಯ. ಪ್ರೆಡ್ನಿಸೋಲೋನ್ ಥರ ಸ್ಟೀರಾಯ್ಡ್ ತಿಂಗಳುಗಟ್ಟಲೆ ತಗೊಳ್ತಿರೋರು ಅದನ್ನ ನಿಲ್ಲಿಸ್ಬಾರ್ದು, ಅಂಥವರಿಗೆ ಜ್ವರ ಬಂದಾಗ ಡೋಸ್ ಜಾಸ್ತಿನೇ ಬೇಕಾಗಬಹುದು, ವಾಂತಿಯಾಗಿ ಮಾತ್ರೆ ನಿಲ್ತಿಲ್ಲ ಅಂದ್ರೆ ಇಂಜೆಕ್ಷನ್ ಬೇಕು, ಅದು ಅವತ್ತೇ ಆಸ್ಪತ್ರೆಗೆ ಹೋಗೋ ಕಾರಣ. ಕಿಡ್ನಿ ಕಸಿ ಆದವರ ಮೈ ಹೊಸ ಕಿಡ್ನಿನ ತಿರಸ್ಕರಿಸದಂತೆ ತಡೆಯೋ ಟ್ಯಾಕ್ರೋಲಿಮಸ್ ಕೂಡ ಹಾಗೇ, ನೀವಾಗೇ ಬಿಡಬೇಡಿ, ಆದ್ರೆ ಕಸಿ ಮಾಡಿದ ಟೀಮ್‌ಗೆ ಫೋನ್ ಮಾಡಿ, ಯಾಕಂದ್ರೆ ಭೇದಿ ಆದಾಗ ಟ್ಯಾಕ್ರೋಲಿಮಸ್ ರಕ್ತದಲ್ಲಿ ಕಮ್ಮಿ ಆಗೋ ಬದ್ಲು ಜಾಸ್ತಿ ಆಗೋದುಂಟು, ಕೇಳೋಕೆ ವಿಚಿತ್ರ ಅನ್ಸತ್ತೆ ಆದ್ರೆ ಹಾಗೇ. ಹೃದಯದ ಬಡಿತ ನಿಧಾನ ಮಾಡೋ ಬೀಟಾ ಬ್ಲಾಕರ್, ಫಿಟ್ಸ್ ಮಾತ್ರೆ ಇವನ್ನೂ ಇದ್ದಕ್ಕಿದ್ದಂಗೆ ನಿಲ್ಲಿಸೋದಲ್ಲ. ಹಾರ್ಟ್ ಫೇಲ್ಯೂರ್ ಇರೋರ ಕಥೆ ಪೂರ್ತಿ ಬೇರೆ, ನೀರು ಇಳಿಸೋ ಮಾತ್ರೆ ಎರಡು ದಿನ ಬಿಟ್ರೆ ಕೆಲವರಿಗೆ ಶ್ವಾಸಕೋಶದಲ್ಲೇ ನೀರು ತುಂಬತ್ತೆ, ಅವರು ಈ ಲೇಖನ ಓದಿ ಏನೂ ನಿಲ್ಲಿಸದೆ ಮೊದಲು ತಮ್ಮ ಡಾಕ್ಟರ್‌ಗೆ ಫೋನ್ ಮಾಡ್ಬೇಕು.

ಈಗ ಯಾವ ಜ್ವರಕ್ಕೆ, ಎಷ್ಟು ಭೇದಿಗೆ ಇದೆಲ್ಲ? ಒಂದು ಸಲ ವಾಂತಿ ಆಯ್ತು ಆಮೇಲೆ ಚೆನ್ನಾಗಿ ಊಟ ಮಾಡಿದ್ರು ಅಂದ್ರೆ ಏನೂ ನಿಲ್ಲಿಸೋದು ಬೇಡ. ನೆಗಡಿ, ಮೈ ಸ್ವಲ್ಪ ಬಿಸಿ, ಆದ್ರೆ ನೀರು ಊಟ ಎಲ್ಲ ಮಾಮೂಲು ಅಂದ್ರೂ ಬೇಡ. ನೋಡ್ಬೇಕಾದ್ದು ಥರ್ಮಾಮೀಟರ್ ನಂಬರ್‌ಗಿಂತ ಹೆಚ್ಚಾಗಿ ನೀರಿನ ಲೆಕ್ಕ, ಒಳಗೆ ಹೋಗ್ತಿರೋದಕ್ಕಿಂತ ಹೊರಗೆ ಹೋಗ್ತಿರೋದು ಜಾಸ್ತಿ ಇದ್ಯಾ ಅಂತ. ಪದೇ ಪದೇ ವಾಂತಿ ಅಥವಾ ನೀರಿನಂಥ ಭೇದಿ, ಇಲ್ಲಾ ಚಳಿ ನಡುಕ ಬಂದು ಬೆವರಿ ಬಟ್ಟೆ ಒದ್ದೆಯಾಗೋ ಜ್ವರ ಜೊತೆಗೆ ಊಟ ನೀರು ಸೇರ್ತಿಲ್ಲ, ಇಂಥ ದಿನಕ್ಕೆ ಈ ನಿಯಮ. ಮನೇಲಿ ತೂಕದ ಮಷೀನ್ ಇದ್ರೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ, ಒಂದು ರಾತ್ರಿಯಲ್ಲಿ ಯಾರಿಗೂ ಕೊಬ್ಬು ಎರಡು ಕೆಜಿ ಇಳಿಯಲ್ಲ, ಇಳಿದಿದ್ದೆಲ್ಲ ನೀರೇ, ಒಂದು ಕೆಜಿ ಅಂದ್ರೆ ಒಂದು ಲೀಟರ್.

ಮತ್ತೆ ಮಾವನ ಹತ್ರ ಬರೋಣ. ಆ ರಾತ್ರಿ ಅವರ ಡಾಕ್ಟರ್‌ಗೆ ಫೋನ್ ಹಾಕಿ ಮಾತಾಡಿ ತೀರ್ಮಾನ ಮಾಡಿದ್ದು ಹೀಗೆ. ಟೆಲ್ಮಿಸಾರ್ಟಾನ್ ಕ್ಲೋರ್ಥಾಲಿಡೋನ್ ನಿಲ್ಲಿಸೋದು, ಗ್ಲಿಮೆಪಿರೈಡ್ ಮೆಟ್‌ಫಾರ್ಮಿನ್ ನಿಲ್ಲಿಸೋದು, ಡಾಪಾಗ್ಲಿಫ್ಲೋಜಿನ್ ನಿಲ್ಲಿಸೋದು, ಅಸೆಕ್ಲೋಫೆನಾಕ್ ಕಸದ ಬುಟ್ಟಿಗೆ. ಆಮ್ಲೋಡಿಪಿನ್ ಈ ಪಟ್ಟಿಯಲ್ಲಿ ಬರೋ ಮಾತ್ರೆ ಅಲ್ಲ, ಆದ್ರೆ ಬಿಪಿ 102/64 ಇತ್ತು, ಅಷ್ಟು ಕಮ್ಮಿ ಇದ್ದಾಗ ಯಾವ ಬಿಪಿ ಮಾತ್ರೆನೂ ಬೇಡ ಅಂತ ಡಾಕ್ಟರ್ ಅದನ್ನೂ ತಡೆದ್ರು. ಗ್ಲಾರ್ಜಿನ್ 12ರ ಬದಲು 10 ಯೂನಿಟ್, ನಾಲ್ಕು ಗಂಟೆಗೊಂದ್ಸಲ ಶುಗರ್ ಚೆಕ್. ಅಟೋರ್ವಾಸ್ಟಾಟಿನ್ ಎರಡು ದಿನ ಹೋದ್ರೂ ನಷ್ಟ ಇಲ್ಲ, ವಾಂತಿ ಆಗೋರಿಗೆ ಸುಮ್ನೆ ಯಾಕೆ ಅಂತ ಬಿಟ್ವಿ. ಜ್ವರಕ್ಕೆ ಬರೀ ಪ್ಯಾರಸಿಟಮಾಲ್ 500, ಬೇರೇನೂ ಸೇರಿಲ್ಲದ್ದು. ಜ್ವರದ ಮಾತ್ರೆ ಅಂತ ಅಂಗಡಿಯಲ್ಲಿ ಕೇಳಿದ್ರೆ ಐಬುಪ್ರೊಫೆನ್ ಸೇರಿರೋದು ಕೈಗೆ ಬರಬಹುದು, ಸ್ಟ್ರಿಪ್ ಓದಿ ತಗೊಳ್ಳಿ.

"ಇಷ್ಟೆಲ್ಲ ಬಿಟ್ರೆ ಶುಗರ್ ಏರಲ್ವೇನೋ?" ಅಂತ ಮಾವ ಮಲಗಿದ್ದಲ್ಲಿಂದ್ಲೇ ಕೇಳಿದ್ರು. ಏರತ್ತೆ ಮಾವ, ಒಂದೆರಡು ದಿನ 200, 220 ಬಂದ್ರೂ ನಿಮ್ಮ ಕಿಡ್ನಿ ಕಣ್ಣು ಏನೂ ಆಗಲ್ಲ, 300 ದಾಟ್ತಾ ಹೋದ್ರೆ ಹೇಳಿ ಅಂದೆ.

ಆಮೇಲೆ ನೀರು. ಓಆರ್‌ಎಸ್ ಪ್ಯಾಕೆಟ್‌ನ ಅದರ ಮೇಲೆ ಎಷ್ಟು ನೀರಿಗೆ ಅಂತ ಬರೆದಿದ್ಯೋ ಅಷ್ಟಕ್ಕೇ ಕಲಸ್ಬೇಕು, ದೊಡ್ಡ ಪ್ಯಾಕೆಟ್ ಒಂದು ಲೀಟರ್‌ಗೆ, ಸಣ್ಣದು ಒಂದು ಲೋಟಕ್ಕೆ, ದೊಡ್ಡ ಪ್ಯಾಕೆಟ್‌ನ ಒಂದೇ ಲೋಟಕ್ಕೆ ಸುರಿದ್ರೆ ಉಪ್ಪು ಜಾಸ್ತಿಯಾಗಿ ಭೇದಿ ಹೆಚ್ಚಾಗತ್ತೆ. ವಾಂತಿ ಇರೋವಾಗ ಲೋಟ ಎತ್ತಿ ಗಟಗಟ ಕುಡಿದ್ರೆ ಹಾಗೇ ವಾಪಸ್ ಬರತ್ತೆ, ಎರಡು ನಿಮಿಷಕ್ಕೊಂದು ಚಮಚ ಅಂತ ಶುರು ಮಾಡ್ಬೇಕು. ಅತ್ತೆ ಮೊಬೈಲ್‌ನಲ್ಲಿ ಟೈಮರ್ ಇಟ್ಕೊಂಡು ಹಾಗೇ ಕೊಟ್ರು, ಒಂದು ಗಂಟೆ ನಿಂತ ಮೇಲೆ ಗುಟುಕು ದೊಡ್ಡದು ಮಾಡಿದ್ರು. ಶುಗರ್ ಇರೋರಿಗೆ ಓಆರ್‌ಎಸ್ ಕೊಡಬಹುದಾ ಅಂತ ಎಲ್ಲರೂ ಕೇಳ್ತಾರೆ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರ್‌ಗೆ ಗ್ಲೂಕೋಸ್ ಇರೋದು 13.5 ಗ್ರಾಂ ಮಾತ್ರ, ಮತ್ತೆ ಆ ಗ್ಲೂಕೋಸ್ ಇಲ್ದೆ ಕರುಳು ಉಪ್ಪನ್ನ ಚೆನ್ನಾಗಿ ಹೀರ್ಕೊಳ್ಳಲ್ಲ, ಹಾಗಾಗಿ ಕೊಡಬಹುದು. ಅದರಲ್ಲಿ ಸ್ವಲ್ಪ ಪೊಟ್ಯಾಸಿಯಂ ಇರೋದು ನಿಜ, ಭೇದಿಯಲ್ಲಿ ಪೊಟ್ಯಾಸಿಯಂ ಹೋಗ್ತಿರೋವಾಗ ಸಾಮಾನ್ಯವಾಗಿ ತೊಂದ್ರೆ ಇಲ್ಲ, ಭೇದಿ ನಿಂತ ಮೇಲೂ ಶಕ್ತಿ ಬರತ್ತೆ ಅಂತ ಕುಡಿಯೋದು ಬೇಡ. ಡಯಾಲಿಸಿಸ್‌ನಲ್ಲಿರೋರು, ಮೂತ್ರ ತುಂಬಾ ಕಮ್ಮಿ ಹೋಗೋರು, ದಿನಕ್ಕೆ ಇಷ್ಟೇ ನೀರು ಅಂತ ಮಿತಿ ಇರೋರು ಈ ಪ್ಯಾರಾನ ತಮಗೆ ಅನ್ವಯಿಸ್ಕೊಳ್ಳಬಾರ್ದು, ಅವರು ಎಷ್ಟು ಕುಡೀಬೇಕು ಅನ್ನೋದನ್ನ ಅವರ ಯೂನಿಟ್‌ನವರೇ ಹೇಳ್ಬೇಕು.

ಸೋಮವಾರ ಬೆಳಿಗ್ಗೆ ತೂಕ 66.6, ಹೋದ ವಾರ 68.4 ಇತ್ತು, ಅಂದ್ರೆ ಹೆಚ್ಚು ಕಮ್ಮಿ 1.8 ಲೀಟರ್ ನೀರು ಹೋಗಿದೆ. ರಕ್ತ ಪರೀಕ್ಷೆ ಮಾಡಿಸಿದ್ವಿ, ಕ್ರಿಯಾಟಿನಿನ್ 2.3, ಪೊಟ್ಯಾಸಿಯಂ 5.2. ಮಾಮೂಲಿಗಿಂತ 0.6 ಜಾಸ್ತಿ. ಕಿಡ್ನಿಗೆ ಏಟು ಬಿದ್ದಿದೆ ಅಂತ ಡಾಕ್ಟರ್‌ಗಳು ಅನುಮಾನ ಪಡೋಕೆ 48 ಗಂಟೆಯಲ್ಲಿ 0.3 ಏರಿದ್ರೂ ಸಾಕು. ಆದ್ರೆ ಮೂತ್ರ ಹೋಗ್ತಿತ್ತು, ಬಣ್ಣ ಗಾಢ ಇದ್ರೂ, ಓಆರ್‌ಎಸ್ ಹೊಟ್ಟೆಯಲ್ಲಿ ನಿಲ್ತಿತ್ತು, ಮಾತು ಸರಿಯಾಗಿತ್ತು, ಹಾಗಾಗಿ ಮನೆಯಲ್ಲೇ ನೋಡೋಣ, ನಾಳೆ ಮತ್ತೆ ಫೋನ್ ಮಾಡಿ ಅಂದ್ರು. ಇದ್ರಲ್ಲಿ ಯಾವ್ದಾದ್ರೂ ಒಂದು ಕೆಟ್ಟಿದ್ರೂ, ಅಂದ್ರೆ ಎಂಟು ಹತ್ತು ಗಂಟೆ ಮೂತ್ರವೇ ಹೋಗಿಲ್ಲ, ಎದ್ದು ನಿಂತ್ರೆ ಕಣ್ಣು ಕತ್ತಲೆ ಬರತ್ತೆ, ಕುಡಿದಿದ್ದೆಲ್ಲ ವಾಪಸ್ ಬರ್ತಿದೆ, ಭೇದಿಯಲ್ಲಿ ರಕ್ತ, ಮಂಪರು, ಬಿಪಿ ಮೇಲಿನ ನಂಬರ್ 90ರ ಹತ್ರ, ಆವಾಗ ಮನೆ ಮದ್ದು, ಮಾತ್ರೆ ನಿಲ್ಲಿಸೋದು ಇದ್ಯಾವುದೂ ಸಾಕಾಗಲ್ಲ, ಡ್ರಿಪ್ ಬೇಕಾಗತ್ತೆ. ಮಾತ್ರೆ ನಿಲ್ಲಿಸಿದ್ದೀವಲ್ಲ ಇನ್ನೇನು ಅಂತ ಮನೆಯಲ್ಲಿ ಕಾಯ್ತಾ ಕೂರೋರನ್ನ ನಾನು ನೋಡಿದ್ದೀನಿ, ಮಾತ್ರೆ ನಿಲ್ಲಿಸಿದ್ರೆ ಕಿಡ್ನಿಗೆ ಅಡ್ಡಿ ಕಮ್ಮಿ ಆಗತ್ತೆ ಅಷ್ಟೇ, ಹೋದ ನೀರು ವಾಪಸ್ ಬರಲ್ಲ.

ಒಂದು ವಿಷ್ಯ ಮುಚ್ಚಿಡದೆ ಹೇಳ್ತೀನಿ. ಈ ನಿಯಮಕ್ಕೆ ಕಾರಣ ಮೈ ಕೆಲ್ಸ ಮಾಡೋ ರೀತಿಯಿಂದ ಚೆನ್ನಾಗಿ ಅರ್ಥ ಆಗತ್ತೆ, ಆದ್ರೆ ಎಲ್ಲರಿಗೂ ಪಟ್ಟಿ ಹಂಚಿದ್ರೆ ಕಿಡ್ನಿ ಏಟು ಕಮ್ಮಿ ಆಗತ್ತೆ ಅಂತ ಗಟ್ಟಿಯಾಗಿ ಸಾಬೀತು ಮಾಡಿದ ದೊಡ್ಡ ಪರೀಕ್ಷೆಗಳಿಲ್ಲ, ಅದಕ್ಕೇ ತಜ್ಞರಲ್ಲೇ ಇದರ ಬಗ್ಗೆ ಒಮ್ಮತ ಇಲ್ಲ. ಸ್ಕಾಟ್ಲೆಂಡ್‌ನಲ್ಲಿ 2013ರಲ್ಲೇ ಪರ್ಸ್‌ನಲ್ಲಿ ಇಟ್ಕೊಳ್ಳೋ ಅಳತೆಯ ಕಾರ್ಡ್ ಮಾಡಿ ಹಂಚೋಕೆ ಶುರು ಮಾಡಿದ್ರು, ಇನ್ನು ಕೆಲವು ತಜ್ಞರು ಹಾಗೆ ಎಲ್ಲರಿಗೂ ಹಂಚೋದು ಬೇಡ, ಒಬ್ಬೊಬ್ಬ ಪೇಷಂಟ್‌ಗೂ ನೋಡಿ ಹೇಳೋಣ ಅಂತಾರೆ. ಅವರ ಭಯ ಏನು ಅಂದ್ರೆ ಜನ ತಪ್ಪು ಮಾತ್ರೆ ನಿಲ್ಲಿಸ್ತಾರೆ, ಇಲ್ಲಾ ನಿಲ್ಲಿಸಿದ್ದನ್ನ ಮತ್ತೆ ಶುರುವೇ ಮಾಡಲ್ಲ ಅಂತ. ಎರಡನೇ ಭಯ ನನಗೂ ಇದೆ, ಕೌಂಟರ್‌ನಲ್ಲಿ ಕೂತವರಿಗೆ ಇದು ತಿಂಗಳಿಗೊಂದು ಸಲವಾದ್ರೂ ಕಾಣತ್ತೆ. ಆರು ತಿಂಗಳ ಹಿಂದೆ ಭೇದಿ ಆದಾಗ ಬಿಟ್ಟಿದ್ದು ಸಾರ್, ಆಮೇಲೆ ಯಾರೂ ಶುರು ಮಾಡಿ ಅಂತ ಹೇಳ್ಲಿಲ್ಲ ಅಂತಾರೆ, ಬಿಪಿ ನೋಡಿದ್ರೆ 170, ಕಾಲಲ್ಲಿ ಊತ. ಕಿಡ್ನಿ ಡಾಕ್ಟರ್‌ಗಳ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೊ 2024ರ ಮಾರ್ಗಸೂಚಿಯಲ್ಲೂ ಒತ್ತಿ ಹೇಳಿರೋದು ಇದನ್ನೇ, ನಿಲ್ಲಿಸಿದ್ರೆ ಯಾವಾಗ ಮತ್ತೆ ಶುರು ಮಾಡ್ಬೇಕು ಅನ್ನೋದನ್ನ ಪೇಷಂಟ್‌ಗೆ ಸ್ಪಷ್ಟವಾಗಿ ಹೇಳಿ, ದಾಖಲೆಯಲ್ಲೂ ಬರೆದಿಡಿ ಅಂತ.

ಶುರು ಮಾಡೋ ಲೆಕ್ಕ ಸುಲಭ. ವಾಂತಿ ಭೇದಿ ನಿಂತ ಗಳಿಗೆಯಿಂದ ಅಲ್ಲ, ಮಾಮೂಲಿ ಥರ ಊಟ ನೀರು ಶುರುವಾದ ಮೇಲೆ 24ರಿಂದ 48 ಗಂಟೆ ಕಾದು ಮಾಮೂಲಿ ಡೋಸ್‌ನಲ್ಲೇ ಶುರು ಮಾಡೋದು. ತಪ್ಪಿದ ಡೋಸ್ ಸರಿದೂಗಿಸೋಕೆ ಎರಡೆರಡು ನುಂಗೋದಲ್ಲ. ಕ್ರಿಯಾಟಿನಿನ್ ಏರಿತ್ತು ಅಂತ ಗೊತ್ತಿದ್ರೆ ಅದು ಇಳಿದಿದ್ಯಾ ಅಂತ ನೋಡಿ ಶುರು ಮಾಡೋದು ಒಳ್ಳೇದು. ಮೂರು ನಾಲ್ಕು ದಿನ ಆದ್ರೂ ಸರಿ ಹೋಗಿಲ್ಲ ಅಂದ್ರೆ ಇನ್ನೂ ಕಾಯೋದಲ್ಲ, ಡಾಕ್ಟರ್‌ಗೆ ತೋರಿಸ್ಬೇಕು.

ಮಾವಂಗೆ ಮಂಗಳವಾರ ವಾಂತಿ ನಿಂತಿತು, ಭೇದಿ ಎರಡೇ ಸಲ. ಬುಧವಾರ ಮಧ್ಯಾಹ್ನ ತಾವೇ ಎದ್ದು ಬಂದು ಸರಿಯಾಗಿ ಊಟ ಮಾಡಿದ್ರು. ಶುಕ್ರವಾರ ಬೆಳಿಗ್ಗೆ ಬಿಪಿ 138/84, ತೂಕ 68, ಕ್ರಿಯಾಟಿನಿನ್ 1.8, ಪೊಟ್ಯಾಸಿಯಂ 4.6. ಡಾಕ್ಟರ್ ಎಲ್ಲ ಶುರು ಮಾಡಿ ಅಂದ್ರು, ಡಾಪಾಗ್ಲಿಫ್ಲೋಜಿನ್ ಮಾತ್ರ ಇನ್ನೊಂದು ದಿನ ಊಟ ಹೇಗೆ ಹೋಗತ್ತೆ ನೋಡಿ ಆಮೇಲೆ, ಎರಡು ವಾರ ಬಿಟ್ಟು ಇನ್ನೊಂದು ರಕ್ತ ಪರೀಕ್ಷೆ. ಮಾವಂಗೆ ಇಷ್ಟ ಇರ್ಲಿಲ್ಲ. "ಐದು ದಿನ ಮಾತ್ರೆ ಇಲ್ದೆ ಹಾಯಾಗಿದ್ನಲ್ಲೋ, ಕ್ರಿಯಾಟಿನಿನ್ನೂ ಇಳೀತು, ಮತ್ತೆ ಯಾಕೆ?" ಇಳಿದಿದ್ದು ಮುಖ್ಯವಾಗಿ ನೀರು ಕುಡಿದಿದ್ದಕ್ಕೆ ಮಾವ, ಬರೀ ಮಾತ್ರೆ ಬಿಟ್ಟಿದ್ದಕ್ಕಲ್ಲ ಅಂದೆ, ಒಪ್ಪಿದ್ರೋ ಇಲ್ವೋ ಗೊತ್ತಿಲ್ಲ. ಅತ್ತೆ ಮಾತ್ರ ಸುಮ್ನೆ ಕನ್ನಡಕ ಹಾಕ್ಕೊಂಡು ಕೂತು, ಮೂರು ಸ್ಟ್ರಿಪ್ ಹಿಂದೆ ಬಿಳಿ ಪಟ್ಟಿ ಅಂಟಿಸಿ, ಒಂದೊಂದರ ಮೇಲೂ ಕೆಂಪು ಪೆನ್ನಲ್ಲಿ "ಹೊಟ್ಟೆ ಕೆಟ್ರೆ ಬೇಡ" ಅಂತ ಬರೆದ್ರು, ಅದರ ಕೆಳಗೆ ಇನ್ನೂ ದಪ್ಪ ಅಕ್ಷರದಲ್ಲಿ "ಊಟ ಶುರುವಾಗಿ ಎರಡನೇ ದಿನ ಕೊಡು" ಅಂತ.